ನಾನು ತಿದ್ದಿಸಿದ ಗೆರೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಿಂದ ಬಂದು ಮದ್ರಾಸಿನ ತಾಂಬರಂ ಆಚೆಯ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಲೆಕ್ಚರರ್ ಆಗಿ ಸೇರಿದೆ. ವಯಸ್ಸು ಇಪ್ಪತ್ನಾಲ್ಕು. ವಿದ್ಯಾರ್ಥಿಗಳಿಗಿಂತ ದೊಡ್ಡವನೆಂದು ಕಾಣಲಿ ಅಂತ ಮೀಸೆ ಬಿಟ್ಟಿದ್ದೆ; ಅದೂ ಸರಿಯಾಗಿ ಬಂದಿರಲಿಲ್ಲ. ನಾನು ಓದಿದ್ದು ಬಾಯ್ಲರು, ಟರ್ಬೈನುಗಳ ವಿಷಯ. ಕೈಗೆ ಕೊಟ್ಟದ್ದು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್. "ಗೊತ್ತಲ್ಲ?" ಎಂದು ಕೇಳಿದ ವಿಭಾಗದ ಮುಖ್ಯಸ್ಥರಿಗೆ "ಚೆನ್ನಾಗಿ ಗೊತ್ತು ಸಾರ್" ಅಂದೆ. ಪದವಿಯಲ್ಲಿ ಅದನ್ನು ಬಾಯಿಪಾಠ ಮಾಡಿ ಪಾಸಾದವನು ಹೇಳುವ ಮಾತೇ ಅದು.

ಎರಡನೆಯ ವಾರ ಸ್ಟ್ರೆಸ್-ಸ್ಟ್ರೈನ್ ಕರ್ವ್ ಬಂತು. ಪುಸ್ತಕದಲ್ಲಿ ಅರ್ಧ ಪುಟದ ಚಿತ್ರ. ಅಡ್ಡಗೆರೆಯಲ್ಲಿ ಕಬ್ಬಿಣ ಎಷ್ಟು ಉದ್ದವಾಯಿತು ಎಂಬುದು, ನಿಂತಗೆರೆಯಲ್ಲಿ ಸ್ಟ್ರೆಸ್, ಅಂದರೆ ಅದರ ಅಡ್ಡಳತೆಯ ಪ್ರತಿ ಚದರ ಮಿಲಿಮೀಟರಿಗೆ ಎಷ್ಟು ಬಲ ಬಿತ್ತು ಎಂಬುದು. ಮೊದಲು ನೇರಗೆರೆ: ಅಲ್ಲಿವರೆಗೆ ಎಳೆದು ಬಿಟ್ಟರೆ ಲೋಹ ಮೊದಲಿನಂತಾಗುತ್ತದೆ. ಆಮೇಲೆ ಯೀಲ್ಡ್ ಪಾಯಿಂಟ್: ಅದನ್ನು ದಾಟಿದರೆ ಪೂರ್ತಿ ಹಿಂದಿರುಗುವುದಿಲ್ಲ. ಗೆರೆ ಮತ್ತೆ ಏರಿ ಒಂದು ನೆತ್ತಿ ಮುಟ್ಟುತ್ತದೆ. ಇಷ್ಟನ್ನು ಬಹಳ ಗತ್ತಿನಿಂದ ಹೇಳಿದೆ.

ಎರಡನೆಯ ಬೆಂಚಿನ ಹುಡುಗಿ ಎದ್ದು ನಿಂತಳು. "ಸಾರ್, ನೆತ್ತಿಯಾದ ಮೇಲೆ ಗೆರೆ ಇಳಿದು ಆಮೇಲೆ ಮುರಿಯುತ್ತದೆ. ಸ್ಟ್ರೆಸ್ ಕಡಿಮೆಯಾಗುತ್ತಿದ್ದರೆ ಮುರಿಯೋದು ಯಾಕೆ?"

ಚಿತ್ರ ನೋಡಿದೆ. ಹೌದು, ಇಳಿದಿತ್ತು. ವರ್ಷಗಟ್ಟಲೆ ಅದನ್ನು ಬರೆದಿದ್ದರೂ ಒಮ್ಮೆಯೂ ಯಾಕೆ ಅಂತ ನನಗನ್ನಿಸಿರಲಿಲ್ಲ. "ಗೊತ್ತಿಲ್ಲ" ಅನ್ನೋಕೆ ಮೀಸೆ ಅಡ್ಡ ಬಂತು.

"ಅದು ಅಚ್ಚಿನ ತಪ್ಪು. ಕೊನೆಯವರೆಗೂ ಏರಬೇಕು. ಎಲ್ಲರೂ ತಿದ್ದಿಕೊಳ್ಳಿ" ಅಂದುಬಿಟ್ಟೆ.

ಅರವತ್ತು ಜನ ತಲೆ ತಗ್ಗಿಸಿ ತಿದ್ದಿದರು. ನಾನೂ ನನ್ನ ಪ್ರತಿಯಲ್ಲಿ ಮೇಲ್ಮುಖವಾಗಿ ಒಂದು ಚಂದದ ಗೆರೆ ಎಳೆದೆ.

ಮಧ್ಯಾಹ್ನ ಲ್ಯಾಬಿಗೆ ಹೋದಾಗ ಲ್ಯಾಬ್ ಇನ್‌ಸ್ಟ್ರಕ್ಟರ್ ನನಗಾಗಿ ಕಾದಿದ್ದರು. ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಲೋಹ ಪರೀಕ್ಷಿಸಿ ಬಂದವರು. ತಲೆಮಾರುಗಳಿಂದ ಮದ್ರಾಸಿನಲ್ಲಿದ್ದ ಅಯ್ಯಂಗಾರ್ ಮನೆತನ. ಅವರ ಕನ್ನಡದಲ್ಲಿ ಅರ್ಧ ತಮಿಳು.

"ಸಾರ್, ಪುಸ್ತಕದಲ್ಲಿ ತಪ್ಪಿದೇಂತ ಪಸಂಗ, ಹುಡುಗ್ರು ಹೇಳಿದಾರೆ. ಬನ್ನಿ, ಒಂದು ರಾಡ್ ಎಳೆದು ನೋಡೋಣ."

"ನೋಡೋಣ, ನೋಡೋಣ" ಅಂದೆ, ನನ್ನದೇ ಸಲಹೆ ಎಂಬಂತೆ.

ಮೃದು ಉಕ್ಕಿನ ಸರಳನ್ನು ಯಂತ್ರದ ಎರಡು ದವಡೆಗಳ ನಡುವೆ ಕಚ್ಚಿಸಿದರು. ದೊಡ್ಡ ಡಯಲ್ಲಿನಲ್ಲಿ ಎರಡು ಮುಳ್ಳು: ಬಲ ತೋರಿಸುವ ಕಪ್ಪು ಮುಳ್ಳು, ಅದು ತಳ್ಳಿದಷ್ಟು ಹೋಗಿ ಅಲ್ಲೇ ನಿಲ್ಲುವ ಕೆಂಪು ಮುಳ್ಳು. ಕಪ್ಪು ಮುಳ್ಳು ಸಲೀಸಾಗಿ ಏರಿತು. ಹಠಾತ್ತನೆ ನಿಂತು, ಸ್ವಲ್ಪ ಹಿಂದೆ ಸರಿದು, ತಡವರಿಸಿತು. ಯಂತ್ರ ಎಳೆಯುತ್ತಲೇ ಇತ್ತು. ಸರಳಿನ ಮೇಲಿನ ಕರಿ ಪೊರೆ ಹಕ್ಕಳೆಯಾಗಿ ಉದುರಿತು.

"ಯೀಲ್ಡ್" ಅಂದರು ಅವರು. ಅಷ್ಟು ವರ್ಷ ಬರೆದ ಪದವನ್ನು ಅವತ್ತು ಮೊದಲ ಸಲ ಕಣ್ಣಾರೆ ಕಂಡೆ.

ಮುಳ್ಳು ಮತ್ತೆ ಏರಿ ಒಂದು ಕಡೆ ನಿಂತಿತು. ಆಮೇಲೆ ಕೆಂಪನ್ನು ಅಲ್ಲೇ ಬಿಟ್ಟು ಕಪ್ಪು ಮುಳ್ಳು ಮೆಲ್ಲಗೆ ಇಳಿಯತೊಡಗಿತು. ಪುಸ್ತಕದಲ್ಲಿ ಇದ್ದ ಹಾಗೆಯೇ.

"ಮುಳ್ಳು ಬಿಡಿ, ಸರಳು ನೋಡಿ."

ಸರಳಿನ ಮಧ್ಯೆ ಒಂದೇ ಕಡೆ ಸೊಂಟ ಹಿಂಡಿದಂತೆ ತೆಳ್ಳಗಾಗುತ್ತಿತ್ತು. ಢಂ! ನಾನು ಎರಡು ಹೆಜ್ಜೆ ಹಿಂದೆ ಹಾರಿದೆ. ಅವರು ಕದಲಲಿಲ್ಲ. ಮುರಿದ ತುಂಡುಗಳನ್ನು ನನ್ನ ಕೈಗಿಟ್ಟರು. ಬಿಸಿಯಾಗಿದ್ದವು; ಒಂದರ ತುದಿ ಬಟ್ಟಲಿನಂತೆ, ಇನ್ನೊಂದು ಅದರೊಳಗೆ ಕೂರುವ ಮೊನೆಯಂತೆ.

"ಪುಸ್ತಕದವರು ಬಲವನ್ನು ಸರಳಿನ ಮೊದಲಿನ ದಪ್ಪದಿಂದಲೇ ಭಾಗಿಸ್ತಾರೆ. ಬಲ ಇಳಿದ್ರೆ ಗೆರೆ ಇಳಿಯತ್ತೆ. ಆನಾ... ಆದ್ರೆ, ಸೊಂಟದಲ್ಲಿ ಲೋಹ ಎಷ್ಟು ಉಳಿದಿದೆ? ಆ ಸಣ್ಣ ಜಾಗದಿಂದ ಭಾಗಿಸಿದ್ರೆ ಸ್ಟ್ರೆಸ್ ಏರ್ತಾನೇ ಇರತ್ತೆ."

"ಹಾಗಾದರೆ ನಾನು ಹೇಳಿದ್ದೂ ಸರಿ ಅಲ್ವಾ?" ಆಸೆಯಿಂದ ಕೇಳಿದೆ.

"ಅದು ಬೇರೆ ಕರ್ವ್ ಸಾರ್. ನೀವು ಅದನ್ನ ಹೇಳಲಿಲ್ಲವಲ್ಲ" ಅಂದರು, ನಗದೆ. ನಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನ ತುಂಡುಗಳನ್ನು ಜೇಬಿನಲ್ಲಿಟ್ಟುಕೊಂಡು ತರಗತಿಗೆ ಹೋದೆ. ನಾನಿದ್ದ ಗಿಂಡಿಯಿಂದ ರೈಲಿನಲ್ಲಿ ಬರುವಾಗ ಗೌರವ ಕಳೆದುಕೊಳ್ಳದೆ ತಪ್ಪೊಪ್ಪಿಕೊಳ್ಳುವ ಮೂರು ಬಗೆ ಯೋಚಿಸಿದ್ದೆ. ಬಾಯಿ ತೆರೆದಾಗ ಮೂರೂ ಮರೆತುಹೋದವು. "ಪುಸ್ತಕ ಸರಿಯಾಗಿದೆ. ನನಗೆ ಗೊತ್ತಿರಲಿಲ್ಲ. ಅಳಿಸಿಬಿಡಿ" ಅಂದೆ.

"ಸಾರ್, ಪೆನ್ನಲ್ಲಿ ತಿದ್ದಿದ್ದೀವಿ" ಎಂದಿತು ಹಿಂದಿನ ಬೆಂಚು. ತರಗತಿಯೆಲ್ಲ ನಕ್ಕಿತು. ತುಂಡುಗಳು ಕೈಯಿಂದ ಕೈಗೆ ಹೋದವು. ಡಯಲ್ಲಿನ ಮುಳ್ಳು ಏರಿ, ಹಿಂದೆ ಸರಿದು, ಮತ್ತೆ ಏರಿದ್ದನ್ನು ವರ್ಣಿಸಿ, ಎರಡು ತುಂಡನ್ನೂ ಜೋಡಿಸಿ, ಸೊಂಟ ತೋರಿಸಿ, ಭಾಗಾಕಾರ ಹೇಳಿಕೊಟ್ಟೆ.

ಆ ಹುಡುಗಿ ಮತ್ತೆ ಎದ್ದಳು. "ಸಾರ್, ಯೀಲ್ಡ್ ಆಗುವಾಗ ಮುಳ್ಳು ಹಿಂದೆ ಸರಿಯೋದು ಯಾಕೆ?"

"ಗೊತ್ತಿಲ್ಲಮ್ಮ" ಅಂದೆ. ಲೈಬ್ರರಿಯಲ್ಲಿ ಎರಡು ದಿನ ಹುಡುಕಬೇಕಾಯಿತು. ಉಕ್ಕಿನೊಳಗಿನ ಇಂಗಾಲದ ಪರಮಾಣುಗಳು ಹರಳುಗಳ ಪದರಗಳನ್ನು ಜಾರದಂತೆ ಹಿಡಿದಿರುತ್ತವೆ; ಆ ಹಿಡಿತ ಒಮ್ಮೆ ತಪ್ಪಿದರೆ ಕಡಿಮೆ ಬಲದಲ್ಲೇ ಜಾರಿಕೆ ಸಾಗುತ್ತದೆಯಂತೆ. ತರಗತಿಯಲ್ಲಿ ಹೇಳುವ ಮೊದಲು ಲ್ಯಾಬಿಗೆ ಹೋಗಿ ಇನ್‌ಸ್ಟ್ರಕ್ಟರ್ ಮುಂದೆ ಪಾಠ ಒಪ್ಪಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ, "ಪರವಾಗಿಲ್ಲ, ಹೋಗಿ ಹೇಳಿ" ಅಂದರು.