ಬೆಳಗ್ಗೆಯೇ ಬರೆದಿಟ್ಟ ದಿನಚರಿ

ಮೇ ತಿಂಗಳ ಒಂದು ಶುಕ್ರವಾರ, ಬೆಳಗಿನ ಏಳು ಗಂಟೆ ಇಪ್ಪತ್ತು ನಿಮಿಷ. ಸ್ಥಳ, ವಿಜಾಪುರದ ಸ್ಟೇಷನ್ ರಸ್ತೆಯ ಒಳಗಲ್ಲಿಯಲ್ಲಿದ್ದ ಎಂಜಿನ್ ರಿಪೇರಿ ಕಾರ್ಖಾನೆ. ಇದ್ದವರು ಇಬ್ಬರು: ಎಲ್ಲರೂ ಉಸ್ತಾದ್ ಎಂದು ಕರೆಯುತ್ತಿದ್ದ ಹಿರಿಯ ಮೆಕ್ಯಾನಿಕ್, ಮತ್ತು ನಾನು. ಅರವತ್ತರ ದಶಕ ಆಗಷ್ಟೇ ಆರಂಭವಾಗಿತ್ತು. ನಾನು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೆ. ಅಲ್ಲಿ ನನ್ನ ತರಬೇತಿಯ ಐದನೇ ವಾರ ನಡೆದಿತ್ತು.

ತರಬೇತಿಗೆ ಬಂದವನು ದಿನಚರಿ ಇಡಬೇಕಿತ್ತು. ದಿನಕ್ಕೊಂದು ಪುಟ, ಯಾವ ಕೆಲಸ, ಯಾವ ಹತ್ಯಾರ, ಎಷ್ಟು ತಾಸು, ಕೆಳಗೆ ಕೆಲಸ ಕಲಿಸಿದವರ ಸಹಿ ಮತ್ತು ತಾರೀಖು. ಕೊನೆಯಲ್ಲಿ ಒಂದು ವರದಿ. ಅದರ ಕಡೆಯ ಪುಟದ ತಲೆಬರಹ ‘ನಾನು ಕಲಿತದ್ದು’. ಆ ಪುಟವನ್ನು ಎಲ್ಲರೂ ಹಿಂದಿನ ವರ್ಷದವರ ಪುಸ್ತಕ ನೋಡಿ ಬರೆಯುತ್ತಿದ್ದರು: ಶಿಸ್ತು ಕಲಿತೆ, ಸಹಕಾರ ಕಲಿತೆ. ಪುಸ್ತಕ ಒಪ್ಪಿಗೆಯಾಗದಿದ್ದರೆ ತರಬೇತಿ ಮೊದಲಿನಿಂದ ಮಾಡಬೇಕು, ಡಿಪ್ಲೊಮಾ ಒಂದು ವರ್ಷ ಮುಂದೆ ಹೋಗುತ್ತದೆ.

ಉಸ್ತಾದ್ ಸಹಿ ಹಾಕುತ್ತಿದ್ದದ್ದು ಬೆಳಗ್ಗೆ ಮಾತ್ರ. ಚಹಾ ಕುಡಿದು, ಗ್ರೀಸ್ ಮುಟ್ಟುವ ಮೊದಲು, ಕೈ ಸ್ವಚ್ಛವಿದ್ದಾಗ. ಸಂಜೆ ಕೇಳಿದರೆ ಎರಡೂ ಅಂಗೈ ತೋರಿಸುತ್ತಿದ್ದರು. “ಈ ಕೈಯಿಂದ ಬುಕ್ ಮುಟ್ಟಿದ್ರ ನಿಮ್ಮ ಸಾಹೇಬ್ರು ನಿನ್ನ ಮುಟ್ಟಂಗಿಲ್ಲ ನೋಡು.” ಹಾಗಾಗಿ ಮೊದಲು ಹಿಂದಿನ ದಿನದ ಪುಟಕ್ಕೆ ಮರುದಿನ ಸಹಿ ಆಗುತ್ತಿತ್ತು. ಎರಡನೇ ವಾರ ತಪಾಸಣೆಗೆ ಬಂದ ನಮ್ಮ ಅಧ್ಯಾಪಕರು ಅದನ್ನು ಹಿಡಿದರು. ಕೆಲಸದ ತಾರೀಖು, ಸಹಿಯ ತಾರೀಖು ಒಂದೇ ಇರಬೇಕು ಎಂದರು. ಎಣ್ಣೆ ಕಲೆಯಾಗಲಿ ಗೆರೆ ಎಳೆದು ಕಾಟು ಹಾಕಿದ್ದಾಗಲಿ ಇರಕೂಡದು ಎಂದರು. ಎಲ್ಲ ಹೊತ್ತಿಗೆ ಸರಿಯಾಗಿ ಆಗಬೇಕೆಂದು ಬೆಳೆದವನು ನಾನು. ಸುಲಭ ದಾರಿ ಕಂಡುಕೊಂಡೆ. ಅಂದು ಆಗಬೇಕಾದ ಕೆಲಸವನ್ನು ಹಿಂದಿನ ಸಂಜೆಯೇ ಉಸ್ತಾದರಿಂದ ಕೇಳಿ ತಿಳಿದು, ಬೆಳಗ್ಗೆ ಆರಕ್ಕೆ ‘ಮಾಡಲಾಯಿತು’ ಎಂದು ಬರೆದು, ಏಳೂವರೆಗೆ ಸಹಿ ಪಡೆಯುತ್ತಿದ್ದೆ. ಪುಟಗಳು ಮದುವೆಯ ಕರೆಯೋಲೆಯಷ್ಟು ಚೆಂದವಾದವು.

ಆ ಶುಕ್ರವಾರ ಬೆಳಗ್ಗೆ ವರದಿಗೆಂದು ಹಿಂದಿನ ಪುಟಗಳನ್ನು ತಿರುವುತ್ತಿದ್ದೆ. ಸೋಮವಾರದ ಪುಟದಲ್ಲಿ ಕೈ ನಿಂತಿತು. ಬಬಲೇಶ್ವರದ ಒಂದು ತೋಟದ ಡೀಸೆಲ್ ಎಂಜಿನ್ ಜೋಡಿಸುವ ಕೆಲಸ. ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡಿನ ಕೆಳತುದಿಗೆ ಎರಡು ಬೋಲ್ಟು, ಎರಡು ನಟ್ಟು. ನಟ್ಟು ಸಡಿಲಾಗದಂತೆ ಪ್ರತಿಯೊಂದಕ್ಕೂ ಅಡ್ಡಲಾಗಿ ಒಂದು ಹೊಸ ಪಿನ್ ತೂರಿಸಿ ಅದರ ಕಾಲು ಮಡಚಬೇಕು. ‘ಎರಡೂ ಪಿನ್ ಹಾಕಲಾಯಿತು’ ಎಂದು ಬರೆದಿದ್ದೆ. ಕೆಳಗೆ ಬೇರೆ ಶಾಯಿಯಲ್ಲಿ ಒಂದು ಸಾಲು: ‘ಮಧ್ಯದಲ್ಲಿ ಟಿಕೋಟಾಕ್ಕೆ ತುರ್ತು ಕರೆ.’ ಸೋಮವಾರ ಉಸ್ತಾದ್ ಒಂದು ಪಿನ್ ಹಾಕುತ್ತಿದ್ದಾಗ ಟಿಕೋಟಾದಿಂದ ಆಳು ಬಂದಿದ್ದ. ನಾವಿಬ್ಬರೂ ಹತ್ಯಾರ ಕಟ್ಟಿಕೊಂಡು ಹೊರಟೆವು. ಅಥಣಿ ರಸ್ತೆಯಲ್ಲಿ ತೊರವಿ ದಾಟುವಾಗ ಬಸ್ಸಿನ ಟೈರು ಬೇರೆ ಪಂಕ್ಚರ್ ಆಗಿತ್ತು. ತಿರುಗಿ ಬಂದಾಗ ಕಾರ್ಖಾನೆಗೆ ಬೀಗ. ಎರಡನೇ ಪಿನ್ ಹಾಕಿದ ನೆನಪೇ ನನಗಿಲ್ಲ.

ಮಂಗಳವಾರ ಬೆಳಗ್ಗೆ ಎಂಜಿನ್ನಿನ ಮಗ್ಗುಲಲ್ಲಿರುವ ಸಣ್ಣ ಕಬ್ಬಿಣದ ಬಾಗಿಲು ಮುಚ್ಚುವ ಮೊದಲು ಉಸ್ತಾದ್ ಕೇಳಿದ್ದರು: “ಏ ಡಿಪ್ಲೊಮಾ, ಪಿನ್ ಎರಡೂ ಹಾಕೇವೇನು? ನಿನ್ನ ಬುಕ್ಕಿನ್ಯಾಗ ನೋಡು.” ನಾನು ಪುಸ್ತಕ ತೆರೆದು, ಓದಿ, ಹೌದು ಎಂದೆ. ಅವರು ಬಾಗಿಲು ಮುಚ್ಚಿದರು. ಬುಧವಾರ ಎಂಜಿನ್ ಬಬಲೇಶ್ವರಕ್ಕೆ ಹೋಯಿತು. ನಾನು ನೆನಪು ಮಾಡಿಕೊಂಡಿರಲಿಲ್ಲ. ಬರೆದದ್ದನ್ನು ಓದಿದ್ದೆ ಅಷ್ಟೆ.

ಉಸ್ತಾದರಿಗೆ ಎಲ್ಲವನ್ನೂ ಹೇಳಿದೆ. ಅವರು ಚಹಾದ ಬಟ್ಟಲು ಕೆಳಗಿಟ್ಟರು.

“ಆಗೂಕಿಂತ ಮೊದಲ ಬರದಿ?”

“ಹೌದ್ರಿ.”

“ದಿನಾ?”

“ಮೂರು ವಾರ ಆತ್ರಿ.”

“ಯಪ್ಪಾ! ನಾ ನಿನ್ನ ಬುಕ್ ನಂಬಿದ್ನೆಲೋ. ನನ್ನ ತಲಿಗಿಂತ ಅದ ಛಲೋ ಅಂತ ತಿಳದಿದ್ದೆ.” ಆಮೇಲೆ ಎದ್ದರು. “ಆ ನಟ್ ಕಳಚಿತಂದ್ರ ರಾಡ್ ಎಂಜಿನ್ ಒಡಕೊಂಡು ಹೊರಗ ಬರತೈತಿ. ಅದರ ಬಾಜೂಕ ಯಾರರ ನಿಂತಿರತಾರ. ನಡಿ.”

ಎಂಟರ ಬಸ್ಸು ಎಂಟೂಮುಕ್ಕಾಲಿಗೆ ಬಿಟ್ಟಿತು. ನಾನು ಎರಡು ಸಲ ಇಳಿದು ಡ್ರೈವರನನ್ನು ಹುಡುಕಿ ಬಂದೆ. ಕಿಸೆಯಲ್ಲಿ ಆರು ಹೊಸ ಪಿನ್ನು; ಹಾದಿಯುದ್ದಕ್ಕೂ ಎಣಿಸಿದೆ. ಬಬಲೇಶ್ವರದಲ್ಲಿ ಇಳಿದು ತೋಟದ ದಾರಿ ಹಿಡಿದಾಗ ಎಂಜಿನ್ನಿನ ಸದ್ದು ಕೇಳಿಸಿತು. ನಡೆಯುತ್ತಿದೆ ಎಂಬ ಸಮಾಧಾನ, ನಡೆಯುತ್ತಿದೆಯಲ್ಲ ಎಂಬ ಭಯ, ಎರಡೂ ಒಟ್ಟಿಗೆ ಬಂದು ನಾನು ಓಡತೊಡಗಿದೆ.

ಎಂಜಿನ್ ನೋಡಿಕೊಳ್ಳುತ್ತಿದ್ದವಳು ತೋಟದ ಒಡತಿ, ಐವತ್ತು ದಾಟಿದ ಹೆಂಗಸು. ಎಂಜಿನ್ನಿನ ಫ್ಲೈವೀಲ್ ಗಾಲಿಯಿಂದ ಮಾರು ದೂರದಲ್ಲಿ ಕುಳಿತು ಎಲೆ ಅಡಿಕೆ ಹಾಕುತ್ತಿದ್ದಳು.

“ಏನ್ರಿ ಉಸ್ತಾದ್ರ, ಕೊಟ್ಟ ಎರಡ ದಿನಕ್ಕ ನೋಡಾಕ ಬಂದ್ರಿ? ಮಗಳ್ನ ಕೊಟ್ಟೋರೂ ಇಷ್ಟ ಲಗೂ ಬರಾಂಗಿಲ್ಲ.”

“ಬಂದ್ ಮಾಡ್ಬೇಕು ಅವ್ವಾ.”

“ಬದನಿ ಮೂರು ಸಾಲು ಉಳದಾವ. ನೀರು ಮುಗೀಲಿ, ಆಮ್ಯಾಲ ಮಾಡ್ರಿ.”

“ಈಗ ಮಾಡ್ಬೇಕ್ರಿ!” ಎಂದು ನಾನು ಕೂಗಿಬಿಟ್ಟೆ.

“ಯಾರ್ರಿ ಇಂವ? ಸಾಹೇಬ ಏನು?”

“ಡಿಪ್ಲೊಮಾ,” ಎಂದು ಉಸ್ತಾದ್ ಹೇಳಿ ಎಂಜಿನ್ ನಿಲ್ಲಿಸಿದರು.

ಕಾವು ಆರಲು ಬಿಟ್ಟೆವು. ಆ ಅರ್ಧ ತಾಸು ನನಗೆ ಕೂರಲಾಗಲಿಲ್ಲ. ಬಾವಿಯ ಸುತ್ತ ತಿರುಗಿದೆ, ಬಾಗಿಲ ನಟ್ಟು ಮುಟ್ಟಿ ಕೈ ಸುಟ್ಟುಕೊಂಡೆ. ಕೊನೆಗೆ ಬಾಗಿಲು ತೆಗೆದೆವು. ಫ್ಲೈವೀಲನ್ನು ಕೈಯಿಂದ ನಿಧಾನ ತಿರುಗಿಸಿ ರಾಡಿನ ಕೆಳತುದಿಯನ್ನು ಬಾಗಿಲ ಎದುರಿಗೆ ತಂದರು. ಒಂದು ಬೋಲ್ಟಿಗೆ ಪಿನ್ ಇತ್ತು. ಇನ್ನೊಂದರ ತೂತು ಖಾಲಿ. ಆ ನಟ್ಟು ಬೆರಳಿಗೆ ತಿರುಗಲಿಲ್ಲ, ಆದರೆ ನಟ್ಟು ತಿರುಗಿಸುವ ಪಾನಾ ಹಾಕಿದೊಡನೆ ಬಲವೇ ಬೇಡದೆ ತಿರುಗಿತು. ಉಸ್ತಾದ್ ನನ್ನ ಕಡೆ ನೋಡಲಿಲ್ಲ. ಬೋಲ್ಟು ಬಿಚ್ಚಿ, ಒರೆಸಿ, ಎಳೆ ಸರಿಯಿದೆಯೆಂದು ನೋಡಿ ಮತ್ತೆ ಬಿಗಿದರು. “ಪಿನ್ ನೀನ ಹಾಕು,” ಎಂದರು. ಹಾಕಿ, ಕಾಲು ಮಡಚಿದೆ. ಎಣ್ಣೆಯಲ್ಲಿ ಕೈ ಜಾರಿ ಮೂರನೇ ಸಲಕ್ಕೆ ಸರಿಹೋಯಿತು. ಎಂಜಿನ್ ಮತ್ತೆ ಶುರುವಾಗಿ ಮೂರು ಸಾಲಿಗೆ ನೀರು ಮುಗಿಯುವವರೆಗೂ ನಾವು ಕದಲಲಿಲ್ಲ.

ಮರಳುವ ಬಸ್ಸಿಗೆ ಕಾಯುತ್ತ ಉಸ್ತಾದ್ ಹೇಳಿದರು: “ಈಗ ಪಿನ್ ಐತಿ. ನಿನ್ನ ಪುಟ ಖರೇ ಆತು ಬಿಡು. ನಾಳಿ ನಿಮ್ಮ ಸಾಹೇಬ್ರು ತಪಾಸಣಿಗೆ ಬರ್ತಾರ. ಕಾಟು ಹಾಕಿ ಯಾಕ ವರ್ಷ ಕಳ್ಕೋತಿ?”

“ಸೋಮವಾರದ್ದು ಖರೇ ಆಗಾಂಗಿಲ್ರಿ.”

“ಅದರ ಕೆಳಗ ನನ್ನ ಸಹೀನೂ ಐತಿ.”

ಅಷ್ಟರಲ್ಲಿ ಬಸ್ಸು ಬಂತು, ಹತ್ತಿದೆವು.

ಕಾರ್ಖಾನೆ ತಲುಪಿದಾಗ ಸಂಜೆ ಆರು. ಸೋಮವಾರದ ಪುಟ ತೆರೆದು, ಆ ಸಾಲಿನ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: ಒಂದೇ ಪಿನ್ ಹಾಕಲಾಗಿತ್ತು, ಎರಡನೆಯದನ್ನು ಶುಕ್ರವಾರ ಬಬಲೇಶ್ವರದಲ್ಲಿ ಹಾಕಿದೆವು, ಈ ಪುಟವನ್ನು ಕೆಲಸಕ್ಕೆ ಮೊದಲೇ ಬರೆದವನು ನಾನು. ಇಂಗ್ಲಿಷಿನಲ್ಲಿ ಬರೆದದ್ದನ್ನು ಉಸ್ತಾದರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಕೊನೆಯ ಮಾತನ್ನು ಎರಡು ಸಲ ಹೇಳಿಸಿದರು.

“ಬರದವ ನೀ ಅಂತ ಹಾಕೀದಿ. ನಂಬಿದವ ನಾ ಅಂತನೂ ಹಾಕು.”

ಹಾಕಿದೆ. ಅವರು ಕೈ ನೋಡಿಕೊಂಡರು, ಮೊಣಕೈತನಕ ಕರಿ ಎಣ್ಣೆ. ತೊಳೆಯಲು ಹೋಗಲಿಲ್ಲ. ಪೆನ್ನು ಕಸಿದುಕೊಂಡು ಗೆರೆಯ ಪಕ್ಕ ಸಹಿ ಹಾಕಿದರು, ಆಮೇಲೆ, ಬೆಳಗ್ಗೆ ಬರೆದದ್ದಕ್ಕೆ ನಾನು ಕಾಟು ಹಾಕಿ ತಿದ್ದಿದ ಶುಕ್ರವಾರದ ಪುಟಕ್ಕೆ ಅದೇ ದಿನದ ತಾರೀಖಿನ ಸಹಿ. ಎರಡೂ ಪುಟಗಳಲ್ಲಿ ಹೆಬ್ಬೆರಳಿನ ಗುರುತು ಎದ್ದು ಕಾಣುತ್ತಿತ್ತು.

“ಸಾಹೇಬ್ರು ಕೇಳಿದ್ರ ನನ್ನ ಕರಿ,” ಎಂದು ಹತ್ಯಾರದ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದರು.

ಕಿಸೆಯಲ್ಲಿ ಉಳಿದ ಐದು ಪಿನ್ನುಗಳನ್ನು ಡಬ್ಬಿಗೆ ಹಾಕಿದೆ. ವರದಿಯ ಕಡೆಯ ಪುಟ ತೆಗೆದು, ಹಿಂದಿನ ವರ್ಷದವರ ಪುಸ್ತಕವನ್ನು ಮುಚ್ಚಿಟ್ಟು, ‘ನಾನು ಕಲಿತದ್ದು’ ಎಂಬುದರ ಕೆಳಗೆ ಆ ದಿನ ಆದದ್ದನ್ನು ಆದ ಕ್ರಮದಲ್ಲಿ ಬರೆದೆ. ಏಳು ಗಂಟೆ ಹತ್ತು ನಿಮಿಷಕ್ಕೆ ಮುಗಿಯಿತು.