ಮೂರನೇ ಗೇಜು

ಆ ದಿನ ಬೆಳಿಗ್ಗೆ ಮೇಷ್ಟ್ರು ಎರಡು ಸಲ ಸ್ನಾನ ಮಾಡಿದರು. ಎರಡನೇ ಸಲ ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿನ ಕಡೆ ಹೊರಟಾಗ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಮೇಷ್ಟ್ರ ತಲೆ ಇನ್ನೂ ಒದ್ದೆಯಾಗಿಯೇ ಇತ್ತು.

“ರೀ, ಈಗ ತಾನೇ ಸ್ನಾನ ಆಯ್ತಲ್ಲ?”

“ಗೊತ್ತು ಕಣೇ. ಸೆಕೆ.”

ಸೆಕೆ ಇರಲಿಲ್ಲ. ಕಿಟಕಿಯ ಗಾಜಿನ ಮೇಲೆ ಮಂಜು ಕೂತಿತ್ತು. ಆಕೆ ಗೀಜರ್ ಹಾಕಿದರು. ಮೇಷ್ಟ್ರು ತಿಂಡಿಗೆ ಕೂತಾಗ ಮಾತ್ರ, ತಟ್ಟೆ ಇಡುತ್ತಾ ಮೆಲ್ಲಗೆ ಮಾತೆತ್ತಿದರು. “ನನ್ನ ತಂಗಿ ಹೇಳಿದ್ಲಲ್ಲ, ಆ ಡಾಕ್ಟರು. ಒಂದ್ಸಲ ತೋರಿಸಿಕೊಂಡು ಬರೋಣ.”

“ವಯಸ್ಸಾದ ಮೇಲೆ ಮರೆವು ಬರುತ್ತೆ. ಅದಕ್ಕೆಲ್ಲ ಡಾಕ್ಟರು ಯಾಕೆ? ಹೆಸರು ಮರೀತೀನಿ, ಬೀಗದ ಕೈ ಮರೀತೀನಿ. ಲೆಕ್ಕ ಮರೆತಿದೀನಾ?”

“ಅದು ನನಗೇನು ಗೊತ್ತಾಗುತ್ತೆ?”

“ನನಗೆ ಗೊತ್ತಾಗುತ್ತಲ್ಲ! ಲೆಕ್ಕ ತಪ್ಪಿದ ದಿನ ನಾನೇ ಬಂದು ಹೇಳ್ತೀನಿ, ನಡಿಯೇ ಅಂತ. ಅಲ್ಲಿವರೆಗೆ ನನ್ನ ತಲೆ ತಿನ್ನಬೇಡ.”

ಈ ಮಾತು ಆ ಮನೆಯಲ್ಲಿ ಹೊಸದೇನಲ್ಲ. ಕೆಲವು ತಿಂಗಳಿಂದ ಗಂಡ ಹೆಂಡತಿಯ ನಡುವಿನ ಒಪ್ಪಂದವೇ ಅದಾಗಿತ್ತು. ಆಕೆಗೆ ಒಪ್ಪಿಗೆಯಿರಲಿಲ್ಲ, ಆದರೆ ಬೇರೆ ದಾರಿಯೂ ಇರಲಿಲ್ಲ. ಮೇಷ್ಟ್ರು ಒಲೆಯ ಮೇಲಿಟ್ಟು ಮರೆತ ಹಾಲು ಉಕ್ಕಿ ಆರಿಹೋದದ್ದನ್ನು ಆಕೆ ಒರೆಸಿದ್ದರು. ದಿನವೂ ನಡೆಯುವ ಬೀದಿಯ ತಿರುವಿನಲ್ಲಿ ಮೇಷ್ಟ್ರು ಚೀಲ ಹಿಡಿದು ಅತ್ತ ಇತ್ತ ನೋಡುತ್ತ ನಿಂತದ್ದನ್ನು ಮಹಡಿಯಿಂದ ಕಂಡಿದ್ದರು. ಲೆಕ್ಕ ಮಾತ್ರ ಆಕೆಯ ಕೈಗೆ ಎಟುಕದ ಜಾಗ. ಮೇಷ್ಟ್ರು ಹೋಗಿ ಕೂತಿದ್ದೂ ಅಲ್ಲೇ.

ಅವರು ತಾಂತ್ರಿಕ ಕಾಲೇಜಿನಲ್ಲಿ ವಸ್ತುಗಳ ಬಲದ ಪಾಠ ಹೇಳುತ್ತಿದ್ದವರು. ಕಬ್ಬಿಣ, ಕಾಂಕ್ರೀಟು ಎಷ್ಟು ತಾಳುತ್ತವೆ, ಎಲ್ಲಿ ಬಿರಿಯುತ್ತವೆ ಎಂಬುದರ ಪಾಠ. ನಿವೃತ್ತಿಯಾದ ಮೇಲೂ ಆ ಒಂದು ವಿಷಯಕ್ಕೆ ಕಾಲೇಜು ಅವರನ್ನೇ ಕರೆಯುತ್ತಿತ್ತು. ಹುಡುಗರು ಅವರಿಗಿಟ್ಟ ಹೆಸರು ‘ತಾಳೆ ಮೇಷ್ಟ್ರು’. ಉತ್ತರ ಬಂದ ಕೂಡಲೇ ಪುಸ್ತಕ ಮುಚ್ಚುವ ಹುಡುಗರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ತಾಳೆ ನೋಡಿದೆಯಾ?” ಎಂದು ಬೆನ್ನ ಹಿಂದೆಯೇ ಬಂದು ನಿಲ್ಲುತ್ತಿದ್ದರು.

ಅವರ ಪ್ರೀತಿಯ ಪಾಠ ಮೋರ್ ವೃತ್ತ. ಎಳೆದು ತಿರುಚಿದ ಲೋಹದ ಒಳಗೆ ಒತ್ತಡ ಎಷ್ಟಿದೆ ಎಂದರೆ ಒಂದೇ ಉತ್ತರವಿಲ್ಲ. ಯಾವ ಓರೆಯಲ್ಲಿ ಕತ್ತರಿಸಿ ನೋಡುತ್ತೀರೋ ಅದರಂತೆ ಅಂಕಿ ಬದಲಾಗುತ್ತದೆ. ಆ ಎಲ್ಲ ಓರೆಗಳ ಅಂಕಿಗಳೂ ಒಂದು ವೃತ್ತದ ಮೇಲೆ ಕೂರುತ್ತವೆ. ವೃತ್ತವು ಅಡ್ಡಗೆರೆಯನ್ನು ಕಡಿಯುವ ಎರಡು ತುದಿಗಳೇ ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಬೆಲೆಗಳು. ಅವಕ್ಕೆ ಪ್ರಿನ್ಸಿಪಲ್ ಬೆಲೆಗಳೆಂದು ಹೆಸರು. ಒಂದು ಕಡೆ ತೊಂಬತ್ತು, ಇನ್ನೊಂದು ಕಡೆ ಮೂವತ್ತು, ಶಿಯರ್, ಅಂದರೆ ಪಕ್ಕಕ್ಕೆ ಜಾರಿಸುವ ಒತ್ತಡ, ನಲವತ್ತು ಎಂದು ಕೊಟ್ಟರೆ ವೃತ್ತದ ಕೇಂದ್ರ ಅರವತ್ತು, ತ್ರಿಜ್ಯ ಐವತ್ತು, ತುದಿಗಳು ನೂರಹತ್ತು ಮತ್ತು ಹತ್ತು. ಅಷ್ಟಾದರೂ ಮೇಷ್ಟ್ರು ಕೈವಾರ ಕೆಳಗಿಡಲು ಬಿಡುತ್ತಿರಲಿಲ್ಲ. ನೂರಹತ್ತಕ್ಕೆ ಹತ್ತು ಕೂಡಿಸಿದರೆ ನೂರಿಪ್ಪತ್ತು, ಕೊಟ್ಟ ತೊಂಬತ್ತಕ್ಕೆ ಮೂವತ್ತು ಕೂಡಿಸಿದರೂ ನೂರಿಪ್ಪತ್ತು: ಕೇಂದ್ರ ಸರಿ. ತುದಿಗಳನ್ನು ಗುಣಿಸಿದರೆ ಸಾವಿರದ ನೂರು, ತೊಂಬತ್ತು ಮೂವತ್ತರ ಗುಣಲಬ್ಧದಿಂದ ನಲವತ್ತರ ವರ್ಗ ಕಳೆದರೂ ಸಾವಿರದ ನೂರು: ತ್ರಿಜ್ಯವೂ ಸರಿ. ಆಮೇಲೆ ಟಿಕ್ಕು.

ಒತ್ತಡದ ಬದಲು ಸ್ಟ್ರೇನ್, ಅಂದರೆ ಲೋಹ ಹಿಗ್ಗಿದ ಪ್ರಮಾಣ ಕೊಟ್ಟರೆ ವೃತ್ತ ಅದೇ. ಆದರೆ ಒಂದು ಗುಂಡಿ ಇದೆ. ಅಲ್ಲಿ ಶಿಯರ್ ಸ್ಟ್ರೇನಿನ ಅರ್ಧವನ್ನು ಮಾತ್ರ ವೃತ್ತದ ಮೇಲೆ ಗುರುತಿಸಬೇಕು. ಪ್ರತಿ ವರ್ಷ ಅರ್ಧ ತರಗತಿ ಆ ಗುಂಡಿಗೆ ಬೀಳುತ್ತಿತ್ತು. ಒಮ್ಮೆ ಒಬ್ಬ ಜಾಣ ಹುಡುಗಿಯೂ ಬಿದ್ದಳು. ಮೇಷ್ಟ್ರು ವರ್ಷವಿಡೀ ಅವಳನ್ನು ‘ಅರ್ಧ’ ಎಂದೇ ಕರೆದರು. ಆಕೆ ಈಗ ಅದೇ ಕಾಲೇಜಿನಲ್ಲಿ ಅಧ್ಯಾಪಕಿ. ಹೆಸರು ಮಾತ್ರ ಬಿಟ್ಟುಹೋಗಲಿಲ್ಲ.

ಆ ದಿನ ಅವರು ಹೋದದ್ದು ಪರೀಕ್ಷೆಯ ಮೌಲ್ಯಮಾಪನಕ್ಕೆ. ಅದು ನಡೆಯುತ್ತಿದ್ದುದು ಹಳೆಯ ಡ್ರಾಯಿಂಗ್ ಹಾಲಿನಲ್ಲಿ. ಓರೆ ಮೇಜುಗಳನ್ನು ಮಟ್ಟ ಮಾಡಿ, ಮೇಲೆ ಉತ್ತರ ಪತ್ರಿಕೆಗಳ ಕಟ್ಟುಗಳನ್ನು ಪೇರಿಸಿದ್ದರು. ಮೇಷ್ಟ್ರು ಆ ವಿಷಯದ ಮುಖ್ಯ ಪರೀಕ್ಷಕರು. ಮಾದರಿ ಉತ್ತರ ಅವರದೇ ಕೈಬರಹದಲ್ಲಿ, ಜೆರಾಕ್ಸ್ ಆಗಿ ಪ್ರತಿ ಮೇಜಿನ ಮೇಲೆ ಬಿದ್ದಿತ್ತು. ಅದನ್ನು ಯಾರೂ ಲೆಕ್ಕ ಮಾಡಿ ನೋಡಿರಲಿಲ್ಲ. ತಾಳೆ ಮೇಷ್ಟ್ರು ಬರೆದದ್ದನ್ನು ತಾಳೆ ನೋಡುವವರಾರು?

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮೇಜಿನ ಬೋಳುತಲೆಯ ಪರೀಕ್ಷಕರು ಪೆನ್ನು ಕೆಳಗಿಟ್ಟು ಲಟಿಕೆ ಮುರಿದರು.

“ಸರ್, ಈ ಕಟ್ಟು ನೋಡಿ. ಐದನೇ ಪ್ರಶ್ನೆ ಬಿಡಿಸಿರೋ ಮಕ್ಕಳೆಲ್ಲ ಒಂದೇ ತಪ್ಪು ಉತ್ತರ ಬರೆದಿದಾರೆ. ಐನೂರ ಐವತ್ತು, ಐವತ್ತು. ತಪ್ಪನ್ನೂ ಇಷ್ಟು ಅಚ್ಚುಕಟ್ಟಾಗಿ ಹಂಚಿಕೊಂಡಿದಾರೆ ಅಂದ್ರೆ ಕಾಪಿ ಅಲ್ದೆ ಇನ್ನೇನು?”

“ಸರಿಯಾದ್ದನ್ನ ಕಾಪಿ ಮಾಡೋಕೂ ಯೋಗ್ಯತೆ ಬೇಕಪ್ಪಾ,” ಎಂದರು ಮೇಷ್ಟ್ರು. ಹಾಲಿನಲ್ಲಿ ನಗು ಎದ್ದಿತು. “ದೂರು ಬರೆದು ಕೊಡಿ, ಸಹಿ ಹಾಕ್ತೀನಿ.”

ನಗದೆ ಇದ್ದವರು ಅರ್ಧ ಒಬ್ಬರೇ. ಅವರ ಕಟ್ಟು ಬೇರೆ ಕಾಲೇಜಿನದು. ಆ ಕಟ್ಟಿನಲ್ಲೂ ಜಾಣ ಮಕ್ಕಳು ಬರೆದದ್ದು ಐನೂರ ಐವತ್ತು, ಐವತ್ತು. ಅವರು ಪ್ರಶ್ನೆಯನ್ನು ಓದಿ, ರಫ್ ಹಾಳೆಯ ಮೇಲೆ ತಾವೇ ವೃತ್ತ ಎಳೆದರು. ಮಾದರಿ ಉತ್ತರವನ್ನು ಒಮ್ಮೆ ನೋಡಿದರು. ಎರಡನ್ನೂ ಹಿಡಿದು ಮೇಷ್ಟ್ರ ಮೇಜಿಗೆ ಬಂದು, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತರು.

“ಸರ್, ಐದನೇದು ಒಂದ್ಸಲ ನೋಡೋಣವಾ?”

“ಏನಮ್ಮಾ ಅರ್ಧ, ನಿನಗೂ ಅನುಮಾನವಾ? ಕೂಡಿಸಿ ನೋಡಿದೀನಿ, ಗುಣಿಸಿ ನೋಡಿದೀನಿ. ಟಿಕ್ಕು ಕಾಣಲ್ವಾ?”

ಟಿಕ್ಕು ಇತ್ತು, ಎರಡು, ಕೆಂಪು ಶಾಯಿಯಲ್ಲಿ. ಪ್ರಶ್ನೆ ಸರಳವಾಗಿತ್ತು. ಉಕ್ಕಿನ ಹಲಗೆಯೊಂದಕ್ಕೆ ಅಂಟಿಸಿದ, ಹಿಗ್ಗು ಅಳೆಯುವ ಮೂರು ಸ್ಟ್ರೇನ್ ಗೇಜುಗಳು. ಮೊದಲನೆಯದು ಅಡ್ಡಕ್ಕೆ, ಎರಡನೆಯದು ಅದಕ್ಕೆ ಲಂಬವಾಗಿ, ಮೂರನೆಯದು ಇವೆರಡರ ನಟ್ಟನಡುವೆ ಓರೆಯಾಗಿ. ಹತ್ತು ಲಕ್ಷದಲ್ಲಿ ಇಷ್ಟು ಪಾಲು ಎಂಬ ಅಳತೆಯಲ್ಲಿ ಅವು ತೋರಿಸಿದ್ದು ಐನೂರು, ನೂರು, ನಾನೂರ ಐವತ್ತು. ಅದರಿಂದ ಶಿಯರ್ ಸ್ಟ್ರೇನ್ ಮುನ್ನೂರು ಎಂದು ಮೇಷ್ಟ್ರು ಸರಿಯಾಗಿಯೇ ತೆಗೆದಿದ್ದರು. ಕೇಂದ್ರ ಮುನ್ನೂರು, ಅದೂ ಸರಿ. ತುದಿಗಳು ಮಾತ್ರ ಆರುನೂರ ಅರವತ್ತು ಚಿಲ್ಲರೆ ಮತ್ತು ಮೈನಸ್ ಅರವತ್ತು ಚಿಲ್ಲರೆ.

“ಮೂರನೇ ಗೇಜು ಸರ್,” ಎಂದರು ಅರ್ಧ, ಬೇರೆ ಯಾರಿಗೂ ಕೇಳದ ಹಾಗೆ. “ವೃತ್ತದಿಂದ ಅದನ್ನ ವಾಪಸ್ ಓದಿ ನೋಡಿ ಅಂತ ನೀವೇ ಹೇಳ್ತಿದ್ರಲ್ಲ.”

ಮೇಷ್ಟ್ರು ಅವರ ಮುಖ ನೋಡಿದರು. ಆಮೇಲೆ ಕೈವಾರ ತೆಗೆದುಕೊಂಡರು. ಓರೆ ಗೇಜು ನಲವತ್ತೈದು ಡಿಗ್ರಿ ತಿರುಗಿದ್ದರೆ ವೃತ್ತದ ಮೇಲೆ ಅದರ ಎರಡರಷ್ಟು, ತೊಂಬತ್ತು ತಿರುಗಬೇಕು. ತಿರುಗಿದರು. ಅಲ್ಲಿಂದ ಅಡ್ಡಗೆರೆಗೆ ಲಂಬ ಇಳಿಸಿ ಓದಿದರು. ಆರುನೂರು.

ಗೇಜು ಹೇಳಿದ್ದು ನಾನೂರ ಐವತ್ತು.

ಇನ್ನೊಂದು ಹಾಳೆ ತೆಗೆದು ಮೊದಲಿನಿಂದ ಎಳೆದರು. ಮತ್ತೆ ಆರುನೂರು. ಕೂಡಿಸಿದರು, ತಾಳೆಯಾಯಿತು. ಗುಣಿಸಿದರು, ಅದೂ ತಾಳೆಯಾಯಿತು. ಮೂರನೆಯದು ಆಗಲಿಲ್ಲ. ಹಿಂದೆಂದೂ ಅವರಿಗೆ ಹೀಗಾಗಿರಲಿಲ್ಲ. ತಪ್ಪು ಇದೆಯೆಂದು ಗೊತ್ತು, ಎಲ್ಲಿದೆಯೆಂದು ಗೊತ್ತಿಲ್ಲ. ಮೂರನೇ ಹಾಳೆಗೆ ಕೈ ಹಾಕಿದರು.

ಅರ್ಧ ಕಾದರು. ಮೇಷ್ಟ್ರೇ ಹಿಡಿಯಲಿ ಎಂದು ಕಾದರು. ಆಮೇಲೆ ಕಾಯಲಾಗದೆ, ತಮ್ಮ ಪೆನ್ನಿನ ತುದಿಯನ್ನು ವೃತ್ತದ ಮೇಲೆ ಮುನ್ನೂರು ಎಂದು ಗುರುತಿಸಿದ್ದ ಜಾಗದಲ್ಲಿ ಇಟ್ಟರು.

“ಇಲ್ಲಿ... ಅರ್ಧ, ಸರ್.”

ತಾವು ಕರೆಯುವ ಹೆಸರು ಕೇಳಿದವರಂತೆ ಮೇಷ್ಟ್ರು ಒಂದು ಕ್ಷಣ ಅವರನ್ನೇ ನೋಡಿದರು. ಆಮೇಲೆ ಅರ್ಥವಾಯಿತು. ಮುನ್ನೂರರ ಬದಲು ನೂರ ಐವತ್ತು ಇಟ್ಟು ಎಳೆದರು. ತ್ರಿಜ್ಯ ಇನ್ನೂರ ಐವತ್ತು. ತುದಿಗಳು ಐನೂರ ಐವತ್ತು, ಐವತ್ತು. ಮೂರನೇ ಗೇಜು ನಾನೂರ ಐವತ್ತಕ್ಕೆ ಬಂದು ಕೂತಿತು. ಗುಣಾಕಾರದ ತಾಳೆಯಲ್ಲೂ ಅವರು ಅದೇ ಪೂರ್ತಿ ಮುನ್ನೂರನ್ನು ಹಾಕಿದ್ದರು. ತಪ್ಪು ಎರಡು ಕಡೆಯೂ ಒಂದೇ ಆಗಿದ್ದರಿಂದ ತಾಳೆ ಅದನ್ನು ಹಿಡಿದಿರಲಿಲ್ಲ. ಕೂಡಿಸುವ ತಾಳೆಗಂತೂ ತ್ರಿಜ್ಯದ ಗೊಡವೆಯೇ ಇಲ್ಲ.

“ಕಾಪಿ ಹೊಡೆದಿರಲಿಲ್ಲ ಮಕ್ಕಳು,” ಎಂದರು ಮೇಷ್ಟ್ರು.

“ಇಲ್ಲ ಸರ್.”

“ಎಷ್ಟು ಕಟ್ಟು ಮುಗಿದಿದೆ?”

“ಬೆಳಿಗ್ಗೆಯಿಂದ ಎಲ್ಲ ಮೇಜಿಂದೂ ಹೋಗಿದೆ. ಸೀಲ್ ಆಗಿರಲ್ಲ ಇನ್ನೂ.” ಅರ್ಧ ದನಿ ಇನ್ನಷ್ಟು ತಗ್ಗಿಸಿದರು. “ಸರ್, ಶುದ್ಧಪ್ರತಿ ಮಾಡುವಾಗ ಅಂಕಿ ತಪ್ಪಿತು ಅಂತ ಬರೆದು ಕೊಟ್ಟುಬಿಡೋಣ. ಯಾರೂ ಕೇಳಲ್ಲ. ನಾನೇ ಓಡಾಡ್ತೀನಿ.”

“ಅಂಕಿ ತಪ್ಪಿ ಬರೆದರೆ ವೃತ್ತವೂ ದೊಡ್ಡದಾಗುತ್ತೇನಮ್ಮಾ?”

ಅವರು ಎದ್ದು ಹಾಲಿನ ಮುಂದೆ ಹೋಗಿ ನಿಂತರು. ಐದನೇ ಪ್ರಶ್ನೆಗೆ ತಾವು ಕೊಟ್ಟ ಉತ್ತರ ತಪ್ಪು, ಬೆಳಿಗ್ಗೆಯಿಂದ ನೋಡಿದ ಎಲ್ಲ ಪತ್ರಿಕೆಗಳನ್ನೂ ಮತ್ತೆ ತೆರೆಯಬೇಕು ಎಂದು ಹೇಳಿದರು. ಯಾರೂ ಗೊಣಗಲಿಲ್ಲ. ಗೊಣಗಿದ್ದರೇ ಚೆನ್ನಾಗಿರುತ್ತಿತ್ತು. ಬೋಳುತಲೆಯವರು ತಾವು ಬರೆದಿಟ್ಟಿದ್ದ ಕಾಪಿಯ ದೂರನ್ನು ಸದ್ದಿಲ್ಲದೆ ಹರಿದು ಜೇಬಿಗೆ ಹಾಕಿಕೊಂಡರು. ಯಾರೋ ಮೇಷ್ಟ್ರಿಗೆ ನೀರು ತಂದುಕೊಟ್ಟರು. ಆ ಮರ್ಯಾದೆ ಅವರಿಗೆ ಮುಳ್ಳಿನಂತೆ ಚುಚ್ಚಿತು.

ಸಂಜೆಯವರೆಗೆ ಅವರು ತಿದ್ದಿದರು. ಐನೂರ ಐವತ್ತು, ಐವತ್ತು ಎಂದು ಬರೆದಿದ್ದ ಪ್ರತಿ ಪತ್ರಿಕೆಯ ಮೇಲಿನ ಸೊನ್ನೆಯನ್ನು ಹೊಡೆದು, ಪೂರ್ತಿ ಅಂಕ ಹಾಕಿ, ಪಕ್ಕದಲ್ಲಿ ಸಹಿ ಮಾಡಿದರು. ಒಂದು ಪತ್ರಿಕೆಯಲ್ಲಿ ಯಾವುದೋ ಮಗು ವೃತ್ತದ ಕೆಳಗೆ ‘ಮೂರನೇ ಗೇಜು ತಾಳೆಯಾಗಿದೆ’ ಎಂದು ಬರೆದಿತ್ತು. ತಮ್ಮ ತರಗತಿಯದೇ ಇರಬೇಕು. ಆ ಹಾಳೆಯನ್ನು ಅವರು ಬೇಗ ತಿರುಗಿಸಿದರು.

ಕೊನೆಯ ಕಟ್ಟು ಸೀಲಾದಾಗ ಕೈವಾರದ ಪೆಟ್ಟಿಗೆಯನ್ನು ಮೇಷ್ಟ್ರು ಅರ್ಧ ಅವರ ಮೇಜಿನ ಮೇಲಿಟ್ಟರು.

“ಸೋಮವಾರದ ತರಗತಿ ನೀನು ತಗೋ.”

“ಒಂದು ತಪ್ಪಿಗೆ ಯಾಕೆ ಸರ್ ಹೀಗೆ? ನಾನೂ ಮಾಡಿದ್ನಲ್ಲ.”

“ತಪ್ಪಿದೆ ಅಂದ ಕೂಡಲೇ ನೀನೇ ಹಿಡ್ಕೊಂಡೆ. ನನಗೆ ತೋರಿಸಬೇಕಾಯ್ತು.”

ಮನೆಯಲ್ಲಿ ಹೆಂಡತಿ ಬಾಗಿಲು ತೆಗೆದು ಚೀಲ ಈಸಿಕೊಂಡರು. “ಹೇಗಾಯ್ತು?”

ಚೆನ್ನಾಗಾಯಿತು ಎಂದುಬಿಡಬಹುದಿತ್ತು. ಆಕೆಗೆ ತಿಳಿಯುವ ದಾರಿಯೇ ಇರಲಿಲ್ಲ. ಮೇಷ್ಟ್ರು ಚಪ್ಪಲಿ ಬಿಟ್ಟು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಎದುರು ಗೋಡೆಯ ಗಡಿಯಾರವನ್ನು ನೋಡುತ್ತಿದ್ದರು, ಗಂಟೆ ಎಷ್ಟೆಂದು ಓದುತ್ತಿದ್ದಂತೆ ಕಾಣಲಿಲ್ಲ.

“ಆ ಡಾಕ್ಟರು ಅಂದಿದ್ದೆಯಲ್ಲ. ಕೇಳಿ ನೋಡು, ಯಾವಾಗ ಸಿಗ್ತಾರೆ ಅಂತ.”

ಆಕೆ ಚೀಲ ಹಿಡಿದುಕೊಂಡೇ ನಿಂತಿದ್ದರು. “ಗುರುವಾರ ಬೆಳಿಗ್ಗೆ ಸಿಗ್ತಾರೆ.”

“ಈಗಲೇ ಹೇಗೆ ಗೊತ್ತು?”

“ಹೆಸರು ಬರೆಸಿ ಬಹಳ ದಿನ ಆಯ್ತು ಕಣ್ರೀ. ವಾರ ವಾರ ಫೋನ್ ಮಾಡಿ ಮುಂದಕ್ಕೆ ಹಾಕಿಸ್ತಾ ಇದ್ದೆ.”

ಮೇಷ್ಟ್ರು ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಟವೆಲು ಹೆಗಲಿಗೆ ಹಾಕಿಕೊಂಡರು. ಬಚ್ಚಲಿನ ಬಾಗಿಲ ಹತ್ತಿರ ಹೋಗಿ ನಿಂತು, ಹಿಂತಿರುಗಿ ಕೇಳಿದರು.

“ನಾನು ಬೆಳಿಗ್ಗೆ ಸ್ನಾನ ಮಾಡಿದ್ನಾ?”

“ಮಾಡಿದ್ರಿ,” ಎಂದರು ಆಕೆ. ಎಷ್ಟು ಸಲ ಎಂದು ಹೇಳಲಿಲ್ಲ.