ತೊಟ್ಟಿ ಖಾಲಿ ಮಾಡಿದ ಎರಡು ಸಾಲು

ನನ್ನದು ಅನುಮಾನದ ಜಾತಿ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವವನು. ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಗಣಿತ ಹೇಳುತ್ತಾ ಈ ಚಾಳಿ ಇನ್ನಷ್ಟು ಬಲಿಯಿತು.

ಆ ಸಲದ ಟೆಸ್ಟಿನಲ್ಲಿ ಶಂಕುವಿನಾಕಾರದ ತೊಟ್ಟಿ ಕೊಟ್ಟಿದ್ದೆ. ಚೂಪು ಕೆಳಗೆ, ಎತ್ತರ ಮೂರು ಮೀಟರ್, ಬಾಯಿಯ ತ್ರಿಜ್ಯ ಎರಡು. ತುಂಬಿದ ನೀರನ್ನೆಲ್ಲ ಬಾಯಿಯವರೆಗೆ ಎತ್ತಿ ಹೊರಹಾಕಲು ಎಷ್ಟು ಕೆಲಸ, ಅಂದರೆ ತೂಕ ಇಂಟು ಎತ್ತುವ ದೂರ? ನೀರನ್ನು ತೆಳು ಬಿಲ್ಲೆಗಳಾಗಿ ಕತ್ತರಿಸಬೇಕು. ತಳದಿಂದ y ಎತ್ತರದ ಬಿಲ್ಲೆಯ ತ್ರಿಜ್ಯ 2y/3, ಅದು ಏರಬೇಕಾದ ದೂರ 3−y. ಸೊನ್ನೆಯಿಂದ ಮೂರರವರೆಗೆ ಇಂಟಿಗ್ರೇಟ್ ಮಾಡಿದರೆ, ಅಂದರೆ ಎಲ್ಲ ಬಿಲ್ಲೆಗಳ ಕೆಲಸವನ್ನೂ ಕೂಡಿಸಿದರೆ, ಒಂದು ಘನ ಮೀಟರ್ ನೀರಿನ ತೂಕ w ಆದರೆ, ಉತ್ತರ 3πw. ನನ್ನ ನೋಟ್ಸಿನಲ್ಲಿ ಇದು ಒಂದು ಪುಟ.

ಒಬ್ಬಳು ಮಾತ್ರ ಎರಡೇ ಸಾಲಿನಲ್ಲಿ 3πw ಬರೆದಿದ್ದಳು. ಇಂಟಿಗ್ರಲ್ ಚಿಹ್ನೆಯೇ ಇಲ್ಲ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದ ಹುಡುಗಿ, ಮಂಡಕಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವವಳು. ಪಕ್ಕದವರ ಉತ್ತರ ಇಣುಕಿ ನೋಡಿದ್ದಾಳೆ ಎಂದುಕೊಂಡೆ. ವಿಭಾಗದ ಮುಖ್ಯಸ್ಥರಿಗೆ ದೂರು ಬರೆದಿಟ್ಟೆ. ಅದು ಹೋದರೆ ಅವಳ ಟೆಸ್ಟಿನ ಅಂಕವೆಲ್ಲ ಸೊನ್ನೆ, ಪರೀಕ್ಷೆಗೆ ಕೂರುವಂತಿಲ್ಲ. ಕಳಿಸುವ ಮುಂಚೆ ಒಮ್ಮೆ ಕರೆಸಿದೆ.

"ಯಾರದ್ದು ನೋಡಿ ಬರೆದೆಯಮ್ಮಾ?"

"ಯಾರದ್ದೂ ಇಲ್ಲ ಸರ್. ಒಟ್ಟು ನೀರು 4π ಘನ ಮೀಟರ್. ಶಂಕುವಿನ ಗುರುತ್ವ ಕೇಂದ್ರ ಬಾಯಿಂದ ಕಾಲು ಭಾಗ ಕೆಳಗಿರುತ್ತೆ, ಅಂದ್ರೆ ಮುಕ್ಕಾಲು ಮೀಟರ್. ನೀರೆಲ್ಲಾ ಅಲ್ಲಿಂದ್ಲೇ ಎತ್ತಿದಂಗೆ ಲೆಕ್ಕ ಕಣ್ ಸರ್, 4π ಇಂಟು ಮುಕ್ಕಾಲು. ಡಿಪ್ಲೊಮಾದಲ್ಲಿ ಹೇಳ್ಕೊಟ್ಟಿದ್ರು."

ಬಾಯಿಪಾಠ ಇರಬೇಕು. ನನಗೆ ಸಮಾಧಾನವಾಗಲಿಲ್ಲ. "ನೀರು ಒಂದೂವರೆ ಮೀಟರ್ ಮಾತ್ರ ಇದೆ ಅಂದ್ಕೋ. ಇಲ್ಲೇ ಮಾಡು" ಎಂದೆ.

ನಾನು ಇತ್ತ ಇಂಟಿಗ್ರೇಟ್ ಮಾಡತೊಡಗಿದೆ. ಅವಳು ಅತ್ತ ಗೊಣಗುತ್ತ ಬರೆದಳು: ನೀರಿನ ಮೇಲ್ಮೈಯ ತ್ರಿಜ್ಯ ಒಂದು, ನೀರು ಅರ್ಧ π, ಅದರ ಕೇಂದ್ರ ತಳದಿಂದ 1.125 ಮೀಟರ್, ಏರಬೇಕಾದದ್ದು 1.875. ಉತ್ತರ 15πw/16. ನನ್ನ ಕೊನೆಯ ಸಾಲೂ ಅದನ್ನೇ ಹೇಳಿತು, ಅವಳು ಪೆನ್ನು ಕೆಳಗಿಟ್ಟು ಎಷ್ಟೋ ಹೊತ್ತಾದ ಮೇಲೆ.

ಅವಳ ಕಣ್ಣು ಮೇಜಿನ ಮೇಲಿದ್ದ ದೂರಿನ ಮೇಲೆ ಬಿತ್ತು. ತನ್ನ ಹೆಸರು ಓದಿಕೊಂಡಳು. ಮುಖ ಕೆಂಪಾಯಿತು.

"ಸರ್, ಒಂದ್ ಮಾತು ಕೇಳ್ಲಾ? ಕ್ಲಾಸಲ್ಲಿ ಎಲ್ರೂ ನಿಮ್ಮ ನೋಟ್ಸ್ನೇ ಅಕ್ಷರ ಬಿಡದೆ ಇಳಿಸಿದಾರೆ. ಅವ್ರನ್ನ ಯಾರನ್ನೂ ಕರೀಲಿಲ್ಲ. ಬೇರೆ ಥರ ಬರ್ದೋಳು ನಾನೊಬ್ಳೇ, ನನ್ನೇ ಕಾಪಿ ಹೊಡ್ದೋಳು ಅಂದ್ಬುಟ್ರಲ್ಲಾ?"

ದೂರನ್ನು ಅವಳೆದುರೇ ಹರಿದೆ. ಹತ್ತಕ್ಕೆ ಹತ್ತು ಹಾಕಿದೆ. ತಪ್ಪಾಯಿತು ಎನ್ನುವ ಬದಲು ಆ ಉತ್ತರ ಪುಸ್ತಕವನ್ನು ಅವಳ ಮುಂದೆ ಸರಿಸಿದೆ. ಅವಳು ಹೋದ ಮೇಲೆ ಉಳಿದ ಉತ್ತರ ಪುಸ್ತಕಗಳನ್ನು ಒಂದೊಂದಾಗಿ ತೆರೆದೆ. ಪ್ರತಿಯೊಂದರಲ್ಲೂ ನನ್ನದೇ ವಾಕ್ಯಗಳಿದ್ದವು, ಅವಕ್ಕೆ ನಾನೇ ಕೊಟ್ಟ ಪೂರ್ತಿ ಅಂಕಗಳೂ ಇದ್ದವು.